ಎರಡು ರೂಪಾಯಿ ಸ್ಯಾಶೆ, ನಾಲ್ಕು ಕಿಲೋ ಚೀಲ

ಕದ್ರಿ ಕಡೆ ಒಂದು ಬಾಡಿಗೆ ರೂಮಿನಲ್ಲಿ ನಾವು ನಾಲ್ಕು ಜನ ಇದ್ದೇವೆ. ಎಲ್ಲ ರೂಮುಗಳ ಹಾಗೆ ನಮ್ಮಲ್ಲೂ ಒಂದು ಕಾಮನ್ ಫಂಡ್ ಉಂಟು. ಒಂದನೇ ತಾರೀಕಿಗೆ ಎಲ್ಲರೂ ದುಡ್ಡು ಹಾಕಬೇಕು, ಅದರಲ್ಲಿ ಸೋಪಿನ ಪುಡಿ, ಶಾಂಪೂ, ಫಿನಾಯಿಲ್ ಎಲ್ಲ ದೊಡ್ಡ ಪ್ಯಾಕ್‌ನಲ್ಲೇ ಬರಬೇಕು. ದೊಡ್ಡದು ತಂದರೆ ಅಗ್ಗ ಅನ್ನುವುದು ಮನೆಯಿಂದ ಹೊತ್ತು ತಂದ ನಂಬಿಕೆ, ಯಾರೂ ಪ್ರಶ್ನೆ ಮಾಡಿದ್ದಿಲ್ಲ.

ನಮ್ಮಲ್ಲಿ ಒಬ್ಬನಿಗೆ ಮನೆಯಿಂದ ದುಡ್ಡು ಬರುವುದು ತಿಂಗಳ ಹತ್ತರ ನಂತರ. ಒಂದನೇ ತಾರೀಕಿಗೆ ಅವನ ಕಿಸೆಯಲ್ಲಿ ಬಸ್ಸಿನ ದುಡ್ಡು, ಊಟದ ದುಡ್ಡು ಬಿಟ್ಟರೆ ಬೇರೆ ಇರುವುದಿಲ್ಲ. ಕಳೆದ ಜೂನ್‌ನಲ್ಲಿ ನಾಲ್ಕು ಕಿಲೋ ಸೋಪಿನ ಪುಡಿ, ಒಂದು ಲೀಟರ್ ಶಾಂಪೂ ರೀಫಿಲ್ ಎರಡೂ ಒಟ್ಟಿಗೆ ತರುವ ಮಾತು ಬಂತು. ಆಗ ಅವನು ಒಂದೇ ಮಾತು ಹೇಳಿದ: "ಇದರಲ್ಲಿ ನನ್ನ ಪಾಲಿಗೆ ಎಷ್ಟು ಉಳೀತದೆ ಅಂತ ಲೆಕ್ಕ ತೋರಿಸಿ ಮಾರಾಯ್ರೆ, ಆಮೇಲೆ ಸಾಲ ಮಾಡಿಯಾದ್ರೂ ಕೊಡ್ತೇನೆ."

ಕೇಳಿದ್ದು ನ್ಯಾಯವೇ. ಇಂಜಿನಿಯರಿಂಗ್ ಓದುವವರು ನಾಲ್ಕು ಜನ ಒಂದು ಶಾಂಪೂವಿನ ಲೆಕ್ಕ ತೋರಿಸಲಾಗದಿದ್ದರೆ ಹೇಗೆ? ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಎರವಲು ತಂದು ಎರಡು ವಾರ ಅಳೆದೆವು. ಇಲ್ಲಿ ಬರುವ ಬೆಲೆಗಳೆಲ್ಲ ನಮ್ಮ ಬೀದಿಯ ಅಂಗಡಿಯವು, ಆ ವಾರದವು. ನಿಮ್ಮ ಬ್ರ್ಯಾಂಡಿಗೆ, ನಿಮ್ಮ ಅಂಗಡಿಗೆ ಬೇರೆ ಇರಬಹುದು. ಲೆಕ್ಕ ಮಾಡುವ ದಾರಿ ಮಾತ್ರ ಅದೇ.

ಮೊದಲು ಶಾಂಪೂ. ಒಂದೇ ಬ್ರ್ಯಾಂಡ್, ಒಂದೇ ಬಗೆ, ಐದು ಗಾತ್ರ. ಎರಡು ರೂಪಾಯಿ ಸ್ಯಾಶೆಯಲ್ಲಿ 6 ಮಿಲಿ. 80 ಮಿಲಿಯ ಸಣ್ಣ ಬಾಟಲಿಗೆ 65 ರೂಪಾಯಿ. 180 ಮಿಲಿಗೆ 130. ಪಂಪ್ ಇರುವ 650 ಮಿಲಿ ಬಾಟಲಿಗೆ 390. ಒಂದು ಲೀಟರ್ ರೀಫಿಲ್ ಪೌಚಿಗೆ 500. ಎಲ್ಲವನ್ನೂ 100 ಮಿಲಿಗೆ ಇಳಿಸಿದರೆ ಸಣ್ಣ ಬಾಟಲಿ 81 ರೂಪಾಯಿ, 180ರದ್ದು 72, ಪಂಪಿನದ್ದು 60, ರೀಫಿಲ್ 50. ಇಲ್ಲಿಯವರೆಗೆ ಮನೆಯ ನಂಬಿಕೆ ಸರಿಯೇ, ಗಾತ್ರ ಏರಿದ ಹಾಗೆ ಬೆಲೆ ಇಳಿಯುತ್ತದೆ. ಆದರೆ ಸ್ಯಾಶೆ? 100 ಮಿಲಿಗೆ 33 ರೂಪಾಯಿ. ಅಂಗಡಿಯಲ್ಲಿ ಮಾಲೆ ಕಟ್ಟಿ ನೇತುಹಾಕಿದ, ಅತಿ ಸಣ್ಣ ಪೊಟ್ಟಣವೇ ಎಲ್ಲಕ್ಕಿಂತ ಅಗ್ಗ!

ಮಿಲಿಯನ್ನೂ ಗ್ರಾಂ ಅನ್ನೂ ಬೆರೆಸುತ್ತಿದ್ದೇವೆ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇವೆ. ಶಾಂಪೂವಿನ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಅದರಿಂದ ಬರುವ ವ್ಯತ್ಯಾಸ ಶೇಕಡಾ ಎರಡು ಮೂರರಷ್ಟು. 33ಕ್ಕೂ 50ಕ್ಕೂ ನಡುವಿನ ಅಂತರದ ಮುಂದೆ ಅದು ಏನೂ ಅಲ್ಲ. ಸ್ಯಾಶೆಯ ಮೂಲೆಯಲ್ಲಿ ಉಳಿದುಹೋಗುವ ಶಾಂಪೂವನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು. ಒಂದೊಂದನ್ನೇ ತೂಗಿದರೆ ನಮ್ಮ ತಕ್ಕಡಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಹಿಂಡಿ ಮುಗಿಸಿದ ಹತ್ತು ಸ್ಯಾಶೆ ಒಟ್ಟಿಗೆ ತೂಗಿ, ಅವನ್ನೇ ತೊಳೆದು ಒಣಗಿಸಿ ಮತ್ತೆ ತೂಗಿದೆವು. ಹತ್ತರಲ್ಲಿ ಉಳಿದಿದ್ದದ್ದು 4 ಗ್ರಾಂ. ಅಂದರೆ 6ರಲ್ಲಿ ತಲೆಗೆ ಬರುವುದು 5.6. ಆಗಲೂ 100ಕ್ಕೆ 36 ರೂಪಾಯಿ ಆಗುತ್ತದೆ, ರೀಫಿಲ್‌ಗಿಂತ ಕಮ್ಮಿಯೇ.

ಹೀಗೇಕೆ? ಸ್ಯಾಶೆಯ ಬೆಲೆ ನಿಂತಿರುವುದು ನಾಣ್ಯದ ಮೇಲೆ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿಕೃಷ್ಣನ್ ಅನ್ನುವವರು ಶಾಂಪೂವನ್ನು ಸ್ಯಾಶೆಯಲ್ಲಿ ತುಂಬಿ ಮಾರುವ ದಾರಿ ತೆರೆದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ತಮ್ಮದೇ ಚಿಕ್ ಶಾಂಪೂ ಶುರು ಮಾಡಿದರು. ಬಾಟಲಿ ಕೊಳ್ಳಲಾಗದ ಊರಿನವರೇ ಅವರ ಗಿರಾಕಿಗಳು. ಮುಂದೆ ದೊಡ್ಡ ಕಂಪನಿಗಳೂ ಅದೇ ಮಾಲೆಗೆ ಬಂದು ಸೇರಿಕೊಂಡವು. ಒಂದು ರೂಪಾಯಿಗೆ ಕೊಳ್ಳುವವನಿಗೆ ಅಂಗಡಿಯಲ್ಲಿ ಪಕ್ಕದ ಮಾಲೆ ಕೈಗೆ ಎಟಕುವಷ್ಟು ಹತ್ತಿರ. ಬೆಲೆ ಏರಿಸಿದರೆ ಅವನು ಅಲ್ಲಿಗೇ ಕೈ ಹಾಕುತ್ತಾನೆ. ಒಂದರಿಂದ ಒಂದೂವರೆ ಮಾಡೋಣ ಅಂದರೆ ಚಿಲ್ಲರೆ ಇಲ್ಲ, ಎರಡು ಮಾಡಿದರೆ ನೇರ ದುಪ್ಪಟ್ಟು. ಬಾಟಲಿ ಕೊಳ್ಳುವವರು ಹಾಗೆ ಒಂದು ರೂಪಾಯಿಗೆ ಬ್ರ್ಯಾಂಡ್ ಬದಲಿಸುವವರಲ್ಲ. ಹಾಗಾಗಿ ಬಾಟಲಿಯಲ್ಲಿ ಬೆಲೆ ಏರಿಸಲು ಜಾಗ ಇರುತ್ತದೆ, ಸ್ಯಾಶೆಯಲ್ಲಿ ಇರುವುದಿಲ್ಲ.

ಬೆಲೆ ಅಲ್ಲಾಡದಿದ್ದರೆ ಅಲ್ಲಾಡುವುದು ಒಳಗಿನ ತೂಕ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಎರಡು ರೂಪಾಯಿಯದ್ದು 1 ರೂಪಾಯಿ 78 ಪೈಸೆ ಆಗಬೇಕು. ಆ 22 ಪೈಸೆಯನ್ನು ಯಾವ ಅಂಗಡಿಯವರು ವಾಪಸ್ ಕೊಟ್ಟಾರು? ಕೊಡುವುದಿದ್ದರೆ ಅದನ್ನು ಮಿಲಿಯಲ್ಲೇ ಕೊಡಬೇಕು. ಕಚ್ಚಾ ಸಾಮಾನಿನ ಬೆಲೆ ಏರಿದಾಗ ಕಿತ್ತುಕೊಳ್ಳುವುದೂ ಮಿಲಿಯಲ್ಲೇ. ಆದ್ದರಿಂದ ಸ್ಯಾಶೆಯಲ್ಲಿ ಓದಬೇಕಾದದ್ದು ಮುಂದಿನ ದೊಡ್ಡ "₹2" ಅಲ್ಲ, ಹಿಂದೆ ಸಣ್ಣಕ್ಷರದಲ್ಲಿರುವ ಮಿಲಿ. ಕಳೆದ ಸೆಮಿಸ್ಟರಿನ ಲೆಕ್ಕ ಈ ಸೆಮಿಸ್ಟರಿಗೆ ಆಗುತ್ತದೆ ಅಂತ ಹೇಳಲಾಗದು.

ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧ ಲೆಕ್ಕ ಆಗುತ್ತಿತ್ತು. ನಾವು ಶಾಂಪೂವನ್ನು 100 ಗ್ರಾಂ ಲೆಕ್ಕದಲ್ಲಿ ತಲೆಗೆ ಹಾಕುವುದಿಲ್ಲವಲ್ಲ, ಒಂದು ಸ್ನಾನಕ್ಕೆ ಇಷ್ಟು ಅಂತ ಹಾಕುತ್ತೇವೆ. ಆ "ಇಷ್ಟು" ಎಷ್ಟು ಅಂತ ತಿಳಿಯಲು ಸ್ನಾನಕ್ಕೆ ಮೊದಲೂ ನಂತರವೂ ಬಾಟಲಿ ತೂಗಿ ಮೊಬೈಲಿನಲ್ಲಿ ಬರೆದಿಟ್ಟೆವು. ಇದರಲ್ಲಿ ಒಂದು ಎಚ್ಚರ ಬೇಕು. ಬಾಟಲಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿಯೇ ತಕ್ಕಡಿಗೆ ಇಡಬೇಕು, ಮೈಗೆ ಅಂಟಿದ ನೀರೇ ಎರಡು ಮೂರು ಗ್ರಾಂ ತೂಗುತ್ತದೆ. ಪಂಪಿನ ಲೆಕ್ಕಕ್ಕೆ ಒಂದು ಲೋಟದೊಳಗೆ ಹತ್ತು ಸಲ ಒತ್ತಿ ತೂಗಿದೆವು. 30 ಗ್ರಾಂ ಬಂತು, ಅಂದರೆ ಒಂದು ಒತ್ತಿಗೆ 3 ಗ್ರಾಂ.

180ರ ಬಾಟಲಿಯಿಂದ ಕೈಗೆ ಸುರಿದುಕೊಂಡಾಗ ನಾಲ್ವರ ಸರಾಸರಿ 7 ಗ್ರಾಂ. ಒಂದು ಸ್ನಾನಕ್ಕೆ 5 ರೂಪಾಯಿ. ಪಂಪ್ ಇದ್ದಾಗ ಎಲ್ಲರ ಕೈಯೂ ತಾನಾಗಿ ಮೂರು ಸಲ ಒತ್ತುತ್ತಿತ್ತು. 9 ಗ್ರಾಂ, 5 ರೂಪಾಯಿ 40 ಪೈಸೆ. ನೋಡಿ, 100 ಗ್ರಾಂ ಲೆಕ್ಕದಲ್ಲಿ ಪಂಪ್ ಬಾಟಲಿ ಅಗ್ಗ, ಸ್ನಾನದ ಲೆಕ್ಕದಲ್ಲಿ ಅದೇ ದುಬಾರಿ. ಬಾಟಲಿ ದೊಡ್ಡದಾಗಿ ತುಂಬಿ ನಿಂತಿದ್ದರೆ ಕೈ ಧಾರಾಳವಾಗುತ್ತದೆ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಾಗ ಅದೇ ಕೈ ಮತ್ತೆ ಬಿಗಿಯಾಗುತ್ತದೆ. ಸ್ಯಾಶೆಗೆ ಇಂತಹ ಚಾಳಿಯಿಲ್ಲ. ಹರಿದರೆ 6 ಮಿಲಿ, ಮುಗಿಯಿತು. ಅಲ್ಲಿ ಪ್ರಮಾಣ ತೀರ್ಮಾನ ಮಾಡುವುದು ಪೊಟ್ಟಣ, ನಾವಲ್ಲ.

ಹಾಗಾದರೆ ರೀಫಿಲ್ ಯಾವಾಗ ಗೆಲ್ಲುತ್ತದೆ? ಸ್ಯಾಶೆಯ ಒಂದು ಸ್ನಾನದ ಬೆಲೆಯನ್ನು ರೀಫಿಲ್‌ನ ಒಂದು ಗ್ರಾಂ ಬೆಲೆಯಿಂದ ಭಾಗಿಸಿದರೆ ಸಾಕು. 2 ರೂಪಾಯಿಯನ್ನು 50 ಪೈಸೆಯಿಂದ ಭಾಗಿಸಿದರೆ 4 ಗ್ರಾಂ. ಒಂದು ಸ್ನಾನಕ್ಕೆ 4 ಗ್ರಾಂಗಿಂತ ಕಡಿಮೆ ಹಾಕುವವನಿಗೆ ರೀಫಿಲ್ ಲಾಭ, ಅದಕ್ಕಿಂತ ಹೆಚ್ಚು ಹಾಕುವವನಿಗೆ ಸ್ಯಾಶೆ ಲಾಭ. ನಮ್ಮ ಹಾಗೆ ಕೂದಲು ಸಣ್ಣಗೆ ಕತ್ತರಿಸಿದವರಿಗೆ ಪಂಪಿನ ಒಂದೇ ಒತ್ತು, ಅಂದರೆ 3 ಗ್ರಾಂ ಸಾಕಾಗುತ್ತದೆ. ಆಗ ಒಂದೂವರೆ ರೂಪಾಯಿ. ಆದರೆ ಎರಡನೇ ಸಲ ಒತ್ತಿದ ಕೂಡಲೇ 3 ರೂಪಾಯಿ, ಆಟ ಸೋತ ಹಾಗೆ. ಸ್ಯಾಶೆಯನ್ನೇ ಎರಡು ಸಲಕ್ಕೆ ಬಳಸಿದರೆ ಇನ್ನೂ ಅಗ್ಗ ಅನ್ನುವುದು ನಿಜ. ಹರಿದ ತುದಿ ಮಡಚಿ ಬಟ್ಟೆ ಕ್ಲಿಪ್ ಹಾಕಿ ನೆಟ್ಟಗೆ ನಿಲ್ಲಿಸಿದರೆ ಮೂರು ದಿನ ಉಳಿಯುತ್ತದೆ. ನಾಲ್ಕು ಜನರ ಬಚ್ಚಲಿನಲ್ಲಿ ಅದು ನೆಟ್ಟಗೆ ನಿಂತಿರುತ್ತದೆ ಅನ್ನುವ ಗ್ಯಾರಂಟಿ ಮಾತ್ರ ಯಾರೂ ಕೊಡಲಾರರು.

ಇನ್ನು ಸೋಪಿನ ಪುಡಿ. ಶಾಂಪೂವಿನ ಕತೆ ಇಲ್ಲಿಗೂ ಹೊಂದುತ್ತದೆ ಅಂದುಕೊಳ್ಳಬೇಡಿ. ಹತ್ತು ರೂಪಾಯಿ ಪ್ಯಾಕೆಟಿನಲ್ಲಿ 80 ಗ್ರಾಂ, ಅಂದರೆ 100 ಗ್ರಾಂಗೆ ಹನ್ನೆರಡೂವರೆ. ಒಂದು ಕಿಲೋಗೆ 128, ಅಂದರೆ 12 ರೂಪಾಯಿ 80 ಪೈಸೆ. ನಾಲ್ಕು ಕಿಲೋ ಚೀಲಕ್ಕೆ 460, ಅಂದರೆ ಹನ್ನೊಂದೂವರೆ. ಒಂದು ಕಿಲೋ ಪ್ಯಾಕ್ ಸಣ್ಣ ಪ್ಯಾಕೆಟಿಗಿಂತ ದುಬಾರಿ, ನಾಲ್ಕು ಕಿಲೋ ಶೇಕಡಾ 8ರಷ್ಟು ಅಗ್ಗ. ಇಲ್ಲಿ ದೊಡ್ಡದು ಗೆದ್ದಿತು, ಆದರೆ ಕೂದಲೆಳೆಯಷ್ಟು.

ಈ ಹೋಲಿಕೆಯನ್ನು ಕವರಿನ ಮೇಲೆಯೇ ಓದಬಹುದಲ್ಲ ಅಂತ ನೀವು ಕೇಳಬಹುದು. ಪೊಟ್ಟಣದ ಸಾಮಾನುಗಳಿಗೆ ಲೀಗಲ್ ಮೆಟ್ರಾಲಜಿ ನಿಯಮಗಳು ಉಂಟು, 2011ರವು. 2021ರಲ್ಲಿ ಅದಕ್ಕೆ ತಿದ್ದುಪಡಿ ಬಂದು, ಎಂಆರ್‌ಪಿ ಜೊತೆಗೆ ಯೂನಿಟ್ ಬೆಲೆಯನ್ನೂ ಮುದ್ರಿಸಬೇಕು ಅಂತಾಯಿತು. ಒಳ್ಳೆಯದೇ, ಆದರೆ ಅದನ್ನು ನಂಬಿ ನಿಂತರೆ ಮೂರು ಕಡೆ ಎಡವುತ್ತೇವೆ. ಒಂದು, 10 ಗ್ರಾಂ ಅಥವಾ 10 ಮಿಲಿ ಮೀರದ ಪೊಟ್ಟಣಗಳಿಗೆ ಈ ನಿಯಮಗಳಿಂದ ವಿನಾಯಿತಿ ಉಂಟು. ಅಂದರೆ ಶಾಂಪೂ ಸ್ಯಾಶೆಯ ಮೇಲೆ ಯೂನಿಟ್ ಬೆಲೆ ಇರಬೇಕೆಂದೇ ಇಲ್ಲ. ಎರಡು, ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂಗೆ ಇಷ್ಟು ಅಂತ ಬರೆಯಬೇಕು, ಹೆಚ್ಚಿದ್ದರೆ ಕಿಲೋಗೆ ಇಷ್ಟು ಅಂತ. ಒಂದರ ಮೇಲೆ ಪೈಸೆ, ಇನ್ನೊಂದರ ಮೇಲೆ ನೂರರ ಮೇಲಿನ ರೂಪಾಯಿ. ಅಂಗಡಿ ಮುಂದೆ ನಿಂತು ತಲೆಯಲ್ಲೇ ಸಾವಿರದಿಂದ ಗುಣಿಸಬೇಕು.

ಮೂರನೆಯದು ನಮಗೆ ಇಷ್ಟವಾದದ್ದು, ಯಾಕಂದರೆ ಅದು ಮೊದಲ ಸೆಮಿಸ್ಟರಿನ ಪಾಠ. ಯೂನಿಟ್ ಬೆಲೆಯನ್ನು ಎರಡು ದಶಾಂಶಕ್ಕೆ ಸರಿಹೊಂದಿಸಿ ಬರೆಯಬೇಕು. 80 ಗ್ರಾಂ ಪ್ಯಾಕೆಟಿನ ನಿಜ ಬೆಲೆ ಗ್ರಾಂಗೆ 0.125. ಮುದ್ರಿಸುವುದು 0.13. ಅದನ್ನು ನಂಬಿ 100ರಿಂದ ಗುಣಿಸಿದರೆ ಹನ್ನೆರಡೂವರೆ ಅಲ್ಲ, 13 ಬರುತ್ತದೆ. ಶೇಕಡಾ 4ರ ತಪ್ಪು. ನಾವು ಹುಡುಕುತ್ತಿರುವ ವ್ಯತ್ಯಾಸವೇ ಶೇಕಡಾ 8. ಅದರ ಅರ್ಧದಷ್ಟು ತಪ್ಪು ಬರೀ ರೌಂಡ್ ಮಾಡಿದ್ದರಲ್ಲೇ ಸೇರಿಕೊಂಡಿತು. ಇದನ್ನೇ ನಂಬಿದ್ದರೆ ಸಣ್ಣ ಪ್ಯಾಕೆಟ್ ಒಂದು ಕಿಲೋದ್ದಕ್ಕಿಂತ ದುಬಾರಿ ಅಂತ ಕಾಣುತ್ತಿತ್ತು, ನಿಜ ಅದಕ್ಕೆ ಉಲ್ಟಾ. ಅಗ್ಗದ ಸಾಮಾನಿಗೆ ಗ್ರಾಂ ಬೆಲೆ ಬಿಟ್ಟು ಎಂಆರ್‌ಪಿಯನ್ನು ತೂಕದಿಂದ ಭಾಗಿಸುವುದೇ ಸರಿ. ಮೊಬೈಲಿನಲ್ಲಿ ಐದು ಸೆಕೆಂಡಿನ ಕೆಲಸ.

ಬಳಕೆಯ ಲೆಕ್ಕಕ್ಕೆ ಬರುವಾ. ಒಂದು ಬಕೆಟ್ ಬಟ್ಟೆಗೆ ನಮಗೆ 40 ಗ್ರಾಂ ಬೇಕು. ಸಣ್ಣ ಪ್ಯಾಕೆಟ್ ಅಂದರೆ ಸರಿಯಾಗಿ ಎರಡು ಬಕೆಟ್, ಬಕೆಟಿಗೆ 5 ರೂಪಾಯಿ. ಚೀಲದಿಂದಾದರೆ 4 ರೂಪಾಯಿ 60 ಪೈಸೆ. ಉಳಿತಾಯ 40 ಪೈಸೆ. ಈ 40 ಪೈಸೆ ಉಳಿಯಬೇಕಾದರೆ ಕೈ ಅಳತೆ ತಪ್ಪಬಾರದು. ಚೀಲದ ಪುಡಿಯನ್ನು 43 ಗ್ರಾಂಗಿಂತ ಸ್ವಲ್ಪ ಹೆಚ್ಚು ಹಾಕಿದರೂ ಲಾಭ ಸೊನ್ನೆ. ನಮ್ಮ ಡಬ್ಬಿಯ ಮುಚ್ಚಳದಲ್ಲಿ ಮಟ್ಟ ಮಾಡಿ ತುಂಬಿದರೆ 40 ಗ್ರಾಂ, ರಾಶಿ ತುಂಬಿದರೆ 55. ರಾಶಿ ತುಂಬುವವನಿಗೆ ಬಕೆಟಿಗೆ 6 ರೂಪಾಯಿ 30 ಪೈಸೆ ಬೀಳುತ್ತದೆ, ಸಣ್ಣ ಪ್ಯಾಕೆಟಿಗಿಂತ ದುಬಾರಿ.

ಮತ್ತೆ ನಮ್ಮ ಊರಿನ ಮಳೆ. ನಾಲ್ಕು ಜನ, ವಾರಕ್ಕೆ ಎರಡೆರಡು ಬಕೆಟ್ ಅಂದರೆ ವಾರಕ್ಕೆ 320 ಗ್ರಾಂ. ನಾಲ್ಕು ಕಿಲೋ ಮುಗಿಯಲು ಹನ್ನೆರಡೂವರೆ ವಾರ. ಜೂನ್ ಒಂದಕ್ಕೆ ತಂದರೆ ಆಗಸ್ಟ್ ಕೊನೆಯವರೆಗೆ, ಅಂದರೆ ಮಂಗಳೂರಿನ ಇಡೀ ಮಳೆಗಾಲ ಆ ಚೀಲ ರೂಮಿನಲ್ಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಿರಬೇಕು. ಉಪ್ಪೇ ನೀರಾಗುವ ಹವೆಯಲ್ಲಿ ಸೋಪಿನ ಪುಡಿ ಗಟ್ಟಿಯಾಗದೆ ಇರುತ್ತದಾ? ಗಟ್ಟಿಯಾದದ್ದನ್ನು ಗೊತ್ತುಮಾಡುವುದು ಸುಲಭ. ಚಮಚ ಒಳಗೆ ಹೋಗುವಾಗ ಕರಕರ ಅನ್ನುತ್ತದೆ, ಬಕೆಟಿನಲ್ಲಿ ಉಂಡೆ ಕರಗದೆ ತಳ ಸೇರುತ್ತದೆ, ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೆರೆ ಉಳಿಯುತ್ತದೆ. ಉಂಡೆ ಕರಗದ್ದಕ್ಕೆ ಮತ್ತೊಂದು ಮುಚ್ಚಳ ಹಾಕಿದರೆ 8 ಶೇಕಡಾ ಎಲ್ಲಿ ಉಳಿಯಿತು? ಬಿಗಿ ಮುಚ್ಚಳದ ಡಬ್ಬಿ ಇದ್ದರೆ ಮಾತ್ರ ಮಳೆಗಾಲಕ್ಕೆ ಚೀಲ, ಇಲ್ಲದಿದ್ದರೆ ಸೆಪ್ಟೆಂಬರ್ ಕಳೆದು ತರುವುದು ಒಳ್ಳೆಯದು.

ಟ್ರಯಲ್ ಪ್ಯಾಕಿನದ್ದು ಬೇರೆಯೇ ಲೆಕ್ಕ. ನಮ್ಮಲ್ಲೊಬ್ಬ ಹೊಸ ಫೇಸ್‌ವಾಶ್ ತರಬೇಕೆಂದಿದ್ದ. 15 ಗ್ರಾಂ ಟ್ರಯಲ್‌ಗೆ 45 ರೂಪಾಯಿ, 100 ಗ್ರಾಂ ಟ್ಯೂಬಿಗೆ 170. 100 ಗ್ರಾಂ ಲೆಕ್ಕದಲ್ಲಿ ಟ್ರಯಲ್ 300 ರೂಪಾಯಿ, ಹೆಚ್ಚುಕಮ್ಮಿ ದುಪ್ಪಟ್ಟು. ಹಾಗೆಂದು ಅದು ಮೋಸ ಅಲ್ಲ, ಯಾಕಂದರೆ ಟ್ರಯಲ್‌ನಲ್ಲಿ ನಾವು ಕೊಳ್ಳುವುದು ಫೇಸ್‌ವಾಶ್ ಒಂದನ್ನೇ ಅಲ್ಲ, ಅದು ಮುಖಕ್ಕೆ ಆಗುತ್ತದಾ ಅನ್ನುವ ಉತ್ತರವನ್ನೂ. ಆ 15 ಗ್ರಾಂಗೆ ಟ್ಯೂಬಿನ ದರದಲ್ಲಿ ಇಪ್ಪತ್ತೈದೂವರೆ ರೂಪಾಯಿ. ಉಳಿದ ಹತ್ತೊಂಬತ್ತೂವರೆ ಉತ್ತರದ ಬೆಲೆ. ನೇರ ಟ್ಯೂಬ್ ತಂದು 15 ಗ್ರಾಂ ಬಳಸಿ ಮುಖ ಉರಿಯಿತು ಅಂದುಕೊಳ್ಳಿ, ಬಿಸಾಡುವ 85 ಗ್ರಾಂಗೆ ನಷ್ಟ ನೂರನಲವತ್ತನಾಲ್ಕೂವರೆ. ಹತ್ತೊಂಬತ್ತೂವರೆಯನ್ನು ಅದರಿಂದ ಭಾಗಿಸಿದರೆ ಸುಮಾರು ಏಳರಲ್ಲಿ ಒಂದು. ಇಂಥ ಏಳು ಸಾಮಾನಿನಲ್ಲಿ ಒಂದಕ್ಕಿಂತ ಹೆಚ್ಚು ನಿಮಗೆ ಒಗ್ಗುವುದಿಲ್ಲ ಅಂತಾದರೆ ಟ್ರಯಲ್ ತನ್ನಿ. ಸಿಕ್ಕಿದ್ದೆಲ್ಲ ಒಗ್ಗುವ ಮುಖವಾದರೆ ಬೇಡ. ಮತ್ತೆ ಈ ಉತ್ತರ ಒಂದೇ ಸಲ ಕೊಳ್ಳುವಂಥದ್ದು. ಅದೇ ಟ್ರಯಲ್ ಪ್ಯಾಕನ್ನು ಎರಡನೇ ಸಲ ತಂದರೆ ಗೊತ್ತಿರುವ ಉತ್ತರಕ್ಕೆ ಮತ್ತೆ ಹತ್ತೊಂಬತ್ತೂವರೆ ಕೊಟ್ಟ ಹಾಗೆ.

ಇಷ್ಟಾದ ಮೇಲೆ ಗೆಳೆಯ ಕೇಳಿದ ಲೆಕ್ಕವನ್ನು ಅವನ ಮುಂದೆ ಇಟ್ಟೆವು. ಸೋಪಿನ ಪುಡಿಯ ಚೀಲದಲ್ಲಿ ಅವನ ಪಾಲು 115 ರೂಪಾಯಿ. ಹನ್ನೆರಡೂವರೆ ವಾರದಲ್ಲಿ ಅವನು ಒಗೆಯುವುದು 25 ಬಕೆಟ್. 40 ಪೈಸೆಯಂತೆ ಉಳಿತಾಯ 10 ರೂಪಾಯಿ. ಮೂರು ತಿಂಗಳಲ್ಲಿ ಹತ್ತು ರೂಪಾಯಿ ಉಳಿಸಲು ಅವನು ಒಂದನೇ ತಾರೀಕಿಗೆ 115 ರೂಪಾಯಿ ಎಲ್ಲಿಂದಲೋ ತರಬೇಕು. ಶಾಂಪೂವಿನಲ್ಲಿ ಲೆಕ್ಕ ತಿರುಗಿತು. ಅವನು ಮೊದಲಿನಿಂದಲೂ ಸ್ಯಾಶೆಯವನು, ವಾರಕ್ಕೆ ಮೂರು ಸಲ, 6 ರೂಪಾಯಿ. 180ರ ಬಾಟಲಿಯ ನಮಗೆ ವಾರಕ್ಕೆ 15. ಹನ್ನೆರಡು ವಾರದಲ್ಲಿ ಅವನು ನಮಗಿಂತ 108 ರೂಪಾಯಿ ಕಮ್ಮಿ ಖರ್ಚು ಮಾಡುತ್ತಾನೆ. ಕೈಯಲ್ಲಿ ದುಡ್ಡಿಲ್ಲದವನು ಸಣ್ಣ ಪೊಟ್ಟಣಕ್ಕೆ ಹೆಚ್ಚು ಬೆಲೆ ತೆರುತ್ತಾನೆ ಅನ್ನುವ ಮಾತು ಎಷ್ಟೋ ಸಾಮಾನಿಗೆ ನಿಜ. ಈ ಎರಡು ಸಾಮಾನಿನಲ್ಲಿ, ನಮ್ಮ ರೂಮಿನಲ್ಲಿ, ಅದು ನಿಜವಾಗಲಿಲ್ಲ. ಅವನು ಲೆಕ್ಕದ ಹಾಳೆ ನೋಡಿ "ಹಾಗಾದ್ರೆ ಬಡ್ಡಿ ಸಮೇತ ಚಾ ಕುಡಿಸಿ" ಅಂದ.

ಫಂಡಿನ ನಿಯಮ ಬದಲಾಯಿತು. ಶಾಂಪೂ ಅವರವರದ್ದು. ಸೋಪಿನ ಪುಡಿ ಚೀಲವನ್ನು ಕೈಯಲ್ಲಿ ದುಡ್ಡಿರುವವನು ತರುತ್ತಾನೆ, ಬಿಗಿ ಮುಚ್ಚಳದ ಡಬ್ಬಿಗೆ ಸುರಿಯುತ್ತಾನೆ. ಉಳಿದವರು ಮಟ್ಟ ಮಾಡಿದ ಮುಚ್ಚಳಕ್ಕೆ 4 ರೂಪಾಯಿ 60 ಪೈಸೆಯಂತೆ ಗೋಡೆಯ ಹಾಳೆಯಲ್ಲಿ ಗೆರೆ ಎಳೆಯುತ್ತಾರೆ, ತಿಂಗಳ ಹದಿನೈದಕ್ಕೆ ಚುಕ್ತಾ. ಅಂದರೆ ದೊಡ್ಡ ಚೀಲವನ್ನು ನಾವೇ ಸ್ಯಾಶೆ ಮಾಡಿಕೊಂಡೆವು. ಪ್ರಮಾಣವೂ ಅಳತೆಯಲ್ಲೇ, ಬೆಲೆಯೂ ಚೀಲದ್ದೇ, ಮುಂಗಡ ಕೊಡಬೇಕಾದದ್ದೂ ಇಲ್ಲ. ಗೆರೆ ಎಳೆಯಬೇಕು ಅಂತಾದ ಮೇಲೆ ರಾಶಿ ತುಂಬುವುದೂ ನಿಂತಿತು.

ಈ ಲೆಕ್ಕದಲ್ಲಿ ಸೇರದ ಒಂದು ಖರ್ಚು ಉಳಿದಿದೆ. ನಾಲ್ವರೂ ಸ್ಯಾಶೆಗೆ ಹೋದರೆ ಹನ್ನೆರಡು ವಾರಕ್ಕೆ 144 ಖಾಲಿ ಪೊಟ್ಟಣ. ಅದರ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಲು ಬರುವುದಿಲ್ಲ, ಗುಜರಿಯವರು ಮುಟ್ಟುವುದಿಲ್ಲ. ಬಾಟಲಿಯಾದರೆ ಅವರು ಒಯ್ಯುತ್ತಾರೆ. ನಮ್ಮ ಊರಿನ ಕಸ ಹೋಗುವುದು ಪಚ್ಚನಾಡಿಗೆ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆ ತೋಟಗಳ ಮೇಲೆ ಹೋದದ್ದು ನಿಮಗೂ ಗೊತ್ತು. ಎರಡು ರೂಪಾಯಿಯಲ್ಲಿ ಆ ಖರ್ಚು ಇಲ್ಲ, ಅದನ್ನು ಬೇರೆ ಯಾರೋ ಕೊಡುತ್ತಾರೆ. ಅದಕ್ಕೇ ನಮ್ಮಲ್ಲಿ ಇಬ್ಬರು ರೀಫಿಲ್ ಮತ್ತು ಪಂಪಿಗೆ ಹೋದರು. ಒಂದೇ ಒತ್ತು, ಒಂದೂವರೆ ರೂಪಾಯಿ, ಸ್ಯಾಶೆಗಿಂತ ಅಗ್ಗವೂ ಹೌದು. ಎರಡನೇ ಒತ್ತು ಒತ್ತದಿರಲು ಪಂಪಿನ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡ್ ದಪ್ಪಗೆ ಸುತ್ತಿಟ್ಟಿದ್ದಾರೆ. ಪಂಪ್ ಅರ್ಧಕ್ಕೇ ನಿಲ್ಲುತ್ತದೆ. ಈಗ ಎರಡು ಸಲ ಒತ್ತಿದರೂ 3 ಗ್ರಾಂ.